ಗುಂಡಿನ ಸದ್ದಿಲ್ಲದ ರೋಮಾಂಚನ

ಮೊಬೈಲ್ ಆಟಗಳ ವಿಷಯದಲ್ಲಿ ಹಲವು ಮನೆಗಳಲ್ಲಿ ಎರಡು ಕಟ್ಟುನಿಟ್ಟಿನ ನಿಯಮಗಳಿರುತ್ತವೆ. ಕೊಲ್ಲುವ ಆಟ ಬೇಡ, ಪ್ರೇಮ ಪ್ರಸಂಗಗಳ ಆಟವೂ ಬೇಡ. ಈ ನಿಯಮದಲ್ಲಿ ತಪ್ಪೇನಿಲ್ಲ. ಆದರೆ ಅದನ್ನು ಪಾಲಿಸುವ ಭರದಲ್ಲಿ ಹದಿಮೂರು ವರ್ಷದ ಹುಡುಗನಿಗೆ ಆರು ವರ್ಷದ ಮಗುವಿನ ಆಟ ಕೊಡಲಾಗುತ್ತದೆ. ಬಣ್ಣ ತುಂಬುವುದು, ಹಣ್ಣು ಜೋಡಿಸುವುದು. ಎರಡು ದಿನಕ್ಕೇ ಅವನಿಗೆ ಬೇಸರ. ಮೂರನೆಯ ದಿನ ಗೆಳೆಯನ ಮೊಬೈಲಿನಲ್ಲಿ ಬಂದೂಕು ಹಿಡಿದಿರುತ್ತಾನೆ. 'ಈಗಿನ ಮಕ್ಕಳಿಗೆ ಹಿಂಸೆಯೇ ಬೇಕು' ಎಂದು ಹಿರಿಯರು ನಿಟ್ಟುಸಿರು ಬಿಡುತ್ತಾರೆ. ಅವನಿಗೆ ನಿಜವಾಗಿಯೂ ಬೇಕಾಗಿದ್ದುದು ಹಿಂಸೆಯೇ?

ಒಂದು ಆಟವನ್ನು ಬಿಡಿಸಿ ನೋಡಿದರೆ ಇದಕ್ಕೆ ಉತ್ತರ ಸಿಗುತ್ತದೆ. ನ್ಯೂಜಿಲೆಂಡಿನ ಇಬ್ಬರು ಸಹೋದರರ ಸಂಸ್ಥೆಯೊಂದು 2015ರಲ್ಲಿ ಹೊರತಂದ 'ಮಿನಿ ಮೆಟ್ರೊ' ಎಂಬ ಆಟವದು. ಪರದೆಯ ಮೇಲೆ ಒಂದು ನದಿ ಮತ್ತು ಮೂರು ನಿಲ್ದಾಣಗಳಿರುತ್ತವೆ. ಒಂದು ವೃತ್ತ, ಒಂದು ತ್ರಿಕೋನ, ಒಂದು ಚೌಕ. ಮನುಷ್ಯರ ಚಿತ್ರವೇ ಇಲ್ಲ. ಪ್ರಯಾಣಿಕರೂ ಇಂಥದೇ ಪುಟ್ಟ ಆಕಾರಗಳು. ತ್ರಿಕೋನಾಕಾರದ ಪ್ರಯಾಣಿಕನಿಗೆ ಯಾವುದಾದರೂ ತ್ರಿಕೋನ ನಿಲ್ದಾಣ ತಲುಪಿದರೆ ಸಾಕು. ಬೆರಳಿನಿಂದ ಗೆರೆ ಎಳೆದು ನಿಲ್ದಾಣಗಳನ್ನು ಜೋಡಿಸಿದರೆ ಅದರ ಮೇಲೆ ರೈಲು ಓಡುತ್ತದೆ. ಹೊಸ ನಿಲ್ದಾಣಗಳು ಒಂದೊಂದಾಗಿ ಹುಟ್ಟಿಕೊಳ್ಳುತ್ತಲೇ ಇರುತ್ತವೆ. ಯಾವುದಾದರೊಂದು ನಿಲ್ದಾಣದಲ್ಲಿ ಜನ ಹಿಡಿಸಲಾರದಷ್ಟು ತುಂಬಿದರೆ ಅದರ ಸುತ್ತ ಎಚ್ಚರಿಕೆಯ ವೃತ್ತ ಬೆಳೆಯತೊಡಗುತ್ತದೆ. ಅದು ಪೂರ್ತಿಯಾಗುವುದರೊಳಗೆ ಜನರನ್ನು ಸಾಗಿಸದಿದ್ದರೆ ಆಟ ಮುಗಿಯಿತು. ಎಚ್ಚರಿಕೆ ಕಣ್ಣಿಗೇ ಕಾಣುವುದರಿಂದ ಸಂಗೀತ ಬೇಡವೆನ್ನುವ ಮನೆಯವರು ಧ್ವನಿ ಆರಿಸಿಯೂ ಆಡಬಹುದು.

ಇದರಲ್ಲಿ ರೋಮಾಂಚನ ಎಲ್ಲಿದೆ? ಹೊಸದಾಗಿ ಆಡುವ ಹುಡುಗಿಯೊಬ್ಬಳು ಹತ್ತಿರ ಹತ್ತಿರವಿರುವ ಐದು ವೃತ್ತ ನಿಲ್ದಾಣಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ, ಗೆರೆಯ ತುದಿಗೆ ಒಂದು ತ್ರಿಕೋನ ಸೇರಿಸುತ್ತಾಳೆ ಎನ್ನೋಣ. ರೈಲಿನಲ್ಲಿ ಆರು ಮಂದಿಗಷ್ಟೇ ಜಾಗ. ವೃತ್ತ ನಿಲ್ದಾಣದಲ್ಲಿ ಕಾಯುವವರಾರೂ ಇನ್ನೊಂದು ವೃತ್ತದಲ್ಲಿ ಇಳಿಯುವವರಲ್ಲ. ಆದ್ದರಿಂದ ಮೊದಲೆರಡು ನಿಲ್ದಾಣಗಳಲ್ಲೇ ರೈಲು ಭರ್ತಿ. ಮುಂದಿನ ಮೂರರಲ್ಲಿ ಹತ್ತಲು ಜಾಗವಿಲ್ಲ. ಅಲ್ಲಿ ಜನ ಕೂಡಿಕೊಂಡು ಎಚ್ಚರಿಕೆಯ ವೃತ್ತ ಬೆಳೆಯುತ್ತದೆ. ಮೊದಲು ಅವಳು ಇನ್ನೊಂದು ರೈಲು ಹಾಕುತ್ತಾಳೆ. ತುಸು ಹೊತ್ತು ತಡೆಯುತ್ತದೆ, ಆಮೇಲೆ ಮತ್ತದೇ ಪಾಡು. ದೋಷ ರೈಲಿನ ಸಂಖ್ಯೆಯಲ್ಲಲ್ಲ, ಗೆರೆಯಲ್ಲೇ ಇದೆ ಎಂದು ಹೊಳೆದಾಗ ಆಟವನ್ನು ತಡೆದು ನಿಲ್ಲಿಸಿ, ವೃತ್ತ, ತ್ರಿಕೋನ, ವೃತ್ತ, ಚೌಕ ಹೀಗೆ ಬೆರೆಸಿ ಗೆರೆ ಎಳೆಯುತ್ತಾಳೆ. ಈಗ ಒಂದು ನಿಲ್ದಾಣದಲ್ಲಿ ಹತ್ತಿದವರಲ್ಲಿ ಹಲವರು ಮುಂದಿನದರಲ್ಲೇ ಇಳಿಯುತ್ತಾರೆ. ತುಂಬಿದ ನಿಲ್ದಾಣ ಕಣ್ಣೆದುರೇ ಖಾಲಿಯಾಗುತ್ತದೆ. ಆ ಕ್ಷಣದ ಅವಳ ಎದೆಬಡಿತ ಬಂದೂಕಿನ ಆಟಕ್ಕಿಂತ ಕಡಿಮೆಯದಲ್ಲ.

ಹಾಗಾದರೆ ಮಕ್ಕಳನ್ನು ಹಿಡಿದಿಡುವುದು ರಕ್ತವಲ್ಲ. ತನ್ನ ನಿರ್ಧಾರಕ್ಕೆ ಪರಿಣಾಮವಿದೆ, ಸೋಲೂ ಇದೆ, ಆ ಸೋಲಿನ ಕಾರಣ ತನಗೆ ತಿಳಿಯುತ್ತದೆ ಎಂಬುದೇ ಅವರನ್ನು ಹಿಡಿದಿಡುತ್ತದೆ. ಇದಕ್ಕೆ ಪುರಾವೆಯೂ ಈ ಆಟದಲ್ಲೇ ಇದೆ. ಸೋಲೇ ಇಲ್ಲದ ಒಂದು ಬಗೆಯನ್ನೂ ಅದರಲ್ಲಿ ಇಟ್ಟಿದ್ದಾರೆ. ನಿಲ್ದಾಣ ಎಷ್ಟು ತುಂಬಿದರೂ ಅಲ್ಲಿ ಆಟ ಮುಗಿಯದು. ಮನಸ್ಸಿಗೆ ಹಾಯೆನಿಸಬಹುದು, ಎದೆ ಮಾತ್ರ ಬಡಿದುಕೊಳ್ಳುವುದಿಲ್ಲ. ಇನ್ನೊಂದು ಬಗೆಯಲ್ಲಿ ಒಮ್ಮೆ ಎಳೆದ ಗೆರೆಯನ್ನು ಬದಲಿಸುವಂತಿಲ್ಲ. ಪಳಗಿದ ಮಕ್ಕಳಿಗೆ ಬೇಕಾದ ಸವಾಲು ಅಲ್ಲಿದೆ.

ಇಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ರಕ್ತವೂ ಪ್ರಣಯವೂ ಇಲ್ಲದ ಆಟವೆಲ್ಲ ಶುದ್ಧವೇ? ಕಾಲ್ಚೆಂಡಿನ ಕೆಲವು ಆಟಗಳಲ್ಲಿ ಒಳಗೇನಿದೆ ಎಂದು ತಿಳಿಯದ ಪೆಟ್ಟಿಗೆಯನ್ನು ಹಣ ಕೊಟ್ಟು ಕೊಳ್ಳಬೇಕು. ಒಳ್ಳೆಯ ಆಟಗಾರ ಸಿಕ್ಕರೆ ಸಿಕ್ಕ, ಇಲ್ಲವಾದರೆ ಹಣ ಹೋಯಿತು. ಇಂತಹ ಪೆಟ್ಟಿಗೆಗಳನ್ನು ಬೆಲ್ಜಿಯಂ 2018ರಲ್ಲೇ ಜೂಜೆಂದು ಪರಿಗಣಿಸಿತು. ಇಲ್ಲೂ ಎದೆ ಬಡಿದುಕೊಳ್ಳುತ್ತದೆ. ಆದರೆ ಕಾರಣ ಬೇರೆ. 'ನಾನು ಮಾಡಿದ್ದು ನಿಲ್ಲುತ್ತದೆಯೇ?' ಎಂಬ ಕಾತರ ಒಂದು, 'ನನಗೇನು ಸಿಗುತ್ತದೆ?' ಎಂಬ ಕಾತರ ಇನ್ನೊಂದು. ಮೊದಲನೆಯದು ಬುದ್ಧಿಯನ್ನು ದುಡಿಸುತ್ತದೆ, ಎರಡನೆಯದು ಆಸೆಯನ್ನು ಕೆರಳಿಸುತ್ತದೆ. ಮಿನಿ ಮೆಟ್ರೊದಲ್ಲೂ ಹೊಸ ನಿಲ್ದಾಣ ಎಲ್ಲಿ ಹುಟ್ಟುವುದೆಂದು ಮೊದಲೇ ತಿಳಿಯದು. ಆದರೆ ಆ ಅನಿಶ್ಚಿತತೆಗೆ ಹಣ ಕಟ್ಟುವುದಿಲ್ಲ, ಉಪಾಯ ಹುಡುಕುತ್ತೇವೆ.

ಇಂತಹ ಆಟಕ್ಕೂ ಮಿತಿ ಬೇಕು. 'ಇನ್ನೊಂದೇ ಸಲ' ಎಂಬ ಸೆಳೆತ ಇದರಲ್ಲೂ ಬಲವಾಗಿದೆ. ಗಡಿಯಾರ ನೋಡಿ ನಡುವೆಯೇ ಕಿತ್ತುಕೊಂಡರೆ ಜಗಳ ಖಚಿತ. ದಿನಕ್ಕೆ ಇಂತಿಷ್ಟೇ ಆಟ ಎಂದು ಮೊದಲೇ ಗೊತ್ತು ಮಾಡಿದರೆ ಸೋಲೇ ಎದ್ದೇಳುವ ಗಳಿಗೆಯಾಗುತ್ತದೆ. ಮಗು ಎದ್ದು ಬಂದಾಗ ಏಕೆ ಸೋತೆ ಎಂದು ಕೇಳಿ ನೋಡೋಣ. ಅದಕ್ಕೆ ಕಾರಣ ವಿವರಿಸಲು ಬಂದರೆ ಆಟ ಅದರ ವಯಸ್ಸಿಗೆ ತಕ್ಕುದಾಗಿದೆ. 'ಅದೃಷ್ಟವಿರಲಿಲ್ಲ' ಎಂಬುದೊಂದೇ ಪ್ರತಿ ಸಲದ ಉತ್ತರವಾದರೆ, ಆ ಆಟದಲ್ಲಿ ಗುಂಡಿನ ಸದ್ದಿಲ್ಲದಿದ್ದರೂ ನಾವು ಮತ್ತೊಮ್ಮೆ ಯೋಚಿಸಬೇಕಾಗುತ್ತದೆ.