ಉಸ್ತಾದರಿಗೆ ಬರೆದ ಪತ್ರ

ಜನರಿಗೆ ಕೃತಜ್ಞತೆ ಸಲ್ಲಿಸದವನು ಅಲ್ಲಾಹನಿಗೂ ಕೃತಜ್ಞನಾಗಲಾರನೆಂದು ಪ್ರವಾದಿವರ್ಯರು(ಸ) ಕಲಿಸಿರುವರು. ಹ. ಅಬೂಹುರೈರಾ(ರ) ವರದಿ ಮಾಡಿರುವ ಈ ವಚನವು ಅಬೂದಾವೂದ್ ಮತ್ತು ತಿರ್ಮಿದಿ ಗ್ರಂಥಗಳಲ್ಲಿದೆ. ಅದೇ ಪ್ರವಾದಿವರ್ಯರು(ಸ), ಹೊಗಳುಭಟ್ಟರ ಮುಖಕ್ಕೆ ಮಣ್ಣೆರಚಬೇಕೆಂದೂ ಹೇಳಿರುವುದು ಸಹೀಹ್ ಮುಸ್ಲಿಮ್‌ನಲ್ಲಿದೆ. ಒಂದು ಕಡೆ ಉಪಕಾರವನ್ನು ಬಾಯಿ ತುಂಬಾ ನೆನೆಯಬೇಕೆಂಬ ಆಜ್ಞೆ, ಇನ್ನೊಂದು ಕಡೆ ಹೊಗಳಿಕೆಗೆ ಇಷ್ಟು ಕಠಿಣವಾದ ಎಚ್ಚರಿಕೆ. ಇವೆರಡರ ನಡುವಿನ ಗೆರೆ ಎಲ್ಲಿದೆ?

ಸಹೋದರ ಸಹೋದರಿಯರೇ, ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಒಂದು ಪತ್ರ ಬರೆಯಲು ಕುಳಿತಾಗ. ಮದ್ರಸಾದಲ್ಲಿ ನನಗೆ ಕಲಿಸಿದ, ನಾನು ಶಿಕ್ಷಕನಾದ ಮೇಲೂ ಕೈಹಿಡಿದು ನಡೆಸಿದ ಹಜ್ರತ್‌ರವರು ವಯಸ್ಸಾಗಿ ಪಾಠ ಹೇಳುವುದನ್ನು ನಿಲ್ಲಿಸಿದ ಸುದ್ದಿ ಮದಲೂರಿಗೆ ಬಂತು. ಅವರಿಗೊಂದು ಕೃತಜ್ಞತೆಯ ಪತ್ರ ಬರೆಯೋಣವೆಂದು ಇಶಾ ನಮಾಝಿನ ನಂತರ ಕಾಗದ ಹಿಡಿದೆ. ನಮ್ಮ ಉರ್ದು ಪತ್ರಗಳ ರೂಢಿ ನಿಮಗೆ ಗೊತ್ತೇ ಇದೆ. ಸಲಾಮಿಗೆ ಮುಂಚೆಯೇ ನಾಲ್ಕು ಸಾಲು ಬಿರುದುಗಳಾದವು. ಆಮೇಲೆ ಜ್ಞಾನದ ಸಾಗರ, ದಾರಿಯ ದೀಪ, ತಮ್ಮಂಥವರು ಈ ಕಾಲದಲ್ಲಿ ಇನ್ನೊಬ್ಬರಿಲ್ಲ ಎಂದೆಲ್ಲ ಒಂದು ಪುಟ ತುಂಬಿತು. ಓದಿ ನೋಡಿದೆ; ಚೆನ್ನಾಗಿಯೇ ಇತ್ತು. ಆದರೆ ಮೇಲಿನ ಹೆಸರೊಂದನ್ನು ಬದಲಿಸಿದರೆ ಅದೇ ಪತ್ರವನ್ನು ನನಗೆ ಕಲಿಸಿದ ಯಾವ ಉಸ್ತಾದರಿಗೆ ಬೇಕಾದರೂ ಕಳುಹಿಸಬಹುದಿತ್ತು. ಹಾಗಿದ್ದರೆ ಇದರಲ್ಲಿ ಇವರಿಗೆ ಸೇರಿದ್ದು ಏನಿದೆ? ಬೇರೊಬ್ಬರಿಗೂ ಒಪ್ಪುವ ಸಾಲುಗಳನ್ನೆಲ್ಲ ಹೊಡೆದುಹಾಕುತ್ತ ಹೋದೆ. ಕೊನೆಗೆ ಉಳಿದದ್ದು ಸಲಾಮ್ ಮತ್ತು ದುಆ ಮಾತ್ರ.

ಆಗ ನೆನಪಿಗೆ ಬಂದದ್ದು ಮುಆವಿಯಾ ಬಿನ್ ಹಕಮ್ ಸುಲಮೀ(ರ) ಎಂಬ ಸಹಾಬಿಯ ಮಾತು. ಅವರು ಇಸ್ಲಾಮ್ ಸ್ವೀಕರಿಸಿ ಹೆಚ್ಚು ದಿನಗಳಾಗಿರಲಿಲ್ಲ. ಪ್ರವಾದಿವರ್ಯರ(ಸ) ಹಿಂದೆ ನಮಾಝಿಗೆ ನಿಂತಿದ್ದಾಗ ಯಾರೋ ಸೀನಿದರು. ಇವರು ನಮಾಝಿನಲ್ಲಿಯೇ ಗಟ್ಟಿಯಾಗಿ 'ಯರ್ಹಮುಕಲ್ಲಾಹ್' ಎಂದುಬಿಟ್ಟರು. ಜನರು ಕಣ್ಣರಳಿಸಿ ನೋಡಿದರು. ನನ್ನನ್ನೇಕೆ ಹೀಗೆ ನೋಡುತ್ತೀರೆಂದು ಇವರು ಮತ್ತೂ ಮಾತಾಡಿದರು. ಸುಮ್ಮನಿರಿಸಲು ಜನರು ತೊಡೆ ತಟ್ಟತೊಡಗಿದಾಗ ಬಾಯಿ ಮುಚ್ಚಿದರು. ಇಡೀ ಜಮಾಅತ್‌ನ ಮುಂದೆ ಹೀಗೆ ಎಡವಿದ ಮನುಷ್ಯ ಮುಂದೇನು ಕಾದಿದೆಯೋ ಎಂದು ಅಂಜುವುದು ಸಹಜ.

ಈ ಘಟನೆಯನ್ನು ಮುಂದೆ ಅವರೇ ಹೇಳುತ್ತಾರೆ. ಅವರಿಗಿಂತ ಉತ್ತಮವಾಗಿ ಕಲಿಸುವ ಗುರುವನ್ನು ತಾನು ಅದಕ್ಕೆ ಮುಂಚೆಯೂ ಕಂಡಿಲ್ಲ, ಆಮೇಲೂ ಕಂಡಿಲ್ಲ ಎನ್ನುತ್ತಾರೆ. ಅಲ್ಲಿಗೇ ನಿಲ್ಲಿಸಿದ್ದರೆ ಅದು ಬರಿಯ ಹೊಗಳಿಕೆಯಾಗಿ ಉಳಿಯುತ್ತಿತ್ತೇನೋ. ಆದರೆ ಅವರು ಮುಂದುವರಿದು ಲೆಕ್ಕ ಒಪ್ಪಿಸುತ್ತಾರೆ: ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ, ಈ ನಮಾಝಿನಲ್ಲಿ ಮನುಷ್ಯರ ಮಾತು ಸಲ್ಲದು, ಇದು ತಸ್ಬೀಹ್, ತಕ್ಬೀರ್ ಮತ್ತು ಕುರ್‌ಆನ್ ಪಠಣಕ್ಕಿರುವುದು ಎಂದಷ್ಟೇ ತಿಳಿಸಿದರು. ತನ್ನ ತಪ್ಪು ಯಾವುದು, ಗುರು ಏನನ್ನು ಮಾಡಲಿಲ್ಲ, ಏನನ್ನು ಹೇಳಿದರು ಎಂಬ ಮೂರೂ ಅದರಲ್ಲಿವೆ. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ವರದಿಯಿಂದಲೇ ನಮಾಝಿನಲ್ಲಿ ಮಾತಾಡಬಾರದೆಂಬ ವಿಧಿಯನ್ನು ವಿದ್ವಾಂಸರು ಇಂದಿಗೂ ತೋರಿಸಿಕೊಡುತ್ತಾರೆ. ಒಬ್ಬ ಶಿಷ್ಯನ ಕೃತಜ್ಞತೆ ಖಚಿತವಾಗಿದ್ದುದರಿಂದ ಅದು ಸಮುದಾಯಕ್ಕೇ ಪಾಠವಾಯಿತು.

ಇದೇ ವರದಿಯಲ್ಲಿ ಅವರು ಇನ್ನೊಂದನ್ನೂ ಮುಚ್ಚಿಡದೆ ಹೇಳಿದ್ದಾರೆ. ಉಹುದ್ ಬೆಟ್ಟದ ಕಡೆ ಅವರ ಕುರಿ ಮೇಯಿಸುತ್ತಿದ್ದ ದಾಸಿಯ ಕೈಯಿಂದ ಒಂದು ಕುರಿ ತೋಳದ ಪಾಲಾಯಿತು. ಸಿಟ್ಟಿನಲ್ಲಿ ಅವರು ಆಕೆಯ ಕೆನ್ನೆಗೆ ಹೊಡೆದರು. ಆ ಪ್ರಹಾರವನ್ನು ಪ್ರವಾದಿವರ್ಯರು(ಸ) ಬಹಳ ಗಂಭೀರವಾಗಿ ಪರಿಗಣಿಸಿದರು. ಕೊನೆಗೆ ಆಕೆಯ ವಿಶ್ವಾಸವನ್ನು ವಿಚಾರಿಸಿ ತಿಳಿದು, ಆಕೆಯನ್ನು ಬಿಡುಗಡೆಗೊಳಿಸಲು ಆದೇಶಿಸಿದರು. ತನ್ನನ್ನು ಹೊಡೆಯದ ಗುರುವನ್ನು ನೆನೆಯುವ ಬಾಯಿಯೇ, ತಾನು ಹೊಡೆದದ್ದನ್ನೂ ಒಪ್ಪಿಕೊಂಡಿತು. ಇದನ್ನು ಓದುವಾಗ ನನ್ನ ಕೈಯಲ್ಲಿದ್ದ ಲೇಖನಿ ನಿಂತಿತು. ನನ್ನ ಪತ್ರದಲ್ಲಿ ಬರೆಯಬೇಕಾಗಿದ್ದದ್ದೂ ಅದೇ ಆಗಿತ್ತು.

ಹನ್ನೆರಡು ವರ್ಷಗಳ ಹಿಂದಿನ ಮಾತು. ಊರಿನ ಮಕ್ತಬ್‌ನಲ್ಲಿ ಮಕ್ಕಳಿಗೆ ಸೂರಃ ಇಖ್ಲಾಸ್ ಹೇಳಿಕೊಡುತ್ತಿದ್ದೆ. ಒಬ್ಬ ಹುಡುಗ ಮೊದಲ ಅಕ್ಷರವನ್ನೇ ತಪ್ಪುತ್ತಿದ್ದ. ಗಂಟಲಿನ ಸಮೀಪದಿಂದ ಬರಬೇಕಾದ 'ಕಾಫ್' ಅವನ ಬಾಯಲ್ಲಿ 'ಖಾ' ಆಗಿ, 'ಖುಲ್' ಎನ್ನುತ್ತಿದ್ದ. ಮೂರು ದಿನ ತಿದ್ದಿದೆ. ನಾಲ್ಕನೆಯ ದಿನ ಬೆತ್ತ ಎತ್ತಿದೆ. ಅವನು ಹಟ ಮಾಡುತ್ತಿದ್ದಾನೆಂದೇ ನನ್ನ ನಂಬಿಕೆಯಾಗಿತ್ತು. ಅಂದು ಹಜ್ರತ್ ನಮ್ಮ ಊರಿಗೆ ಬಂದಿದ್ದರು, ಬಾಗಿಲಲ್ಲಿ ನಿಂತು ನೋಡಿದರು. ಮಕ್ಕಳ ಮುಂದೆ ಒಂದು ಮಾತೂ ಆಡಲಿಲ್ಲ. ಪಾಠ ಮುಗಿದ ಮೇಲೆ ಕೇಳಿದರು: "ಬೇಟಾ, ಆ ಹುಡುಗನ ತಾಯಿ ಮನೆಯಲ್ಲಿ ಕಲಮ್‌ಗೆ ಏನನ್ನುತ್ತಾರೆ?" 'ಖಲಮ್' ಎನ್ನುತ್ತಾರೆಂದೆ. "ನಿನ್ನ ತಾಯಿ?" ನನ್ನ ತಾಯಿಯೂ ಹಾಗೆಯೇ ಎನ್ನುವುದು. ನಮ್ಮ ದಖ್ನಿ ಮಾತಿನಲ್ಲಿ ಆ ಅಕ್ಷರ ಇರುವುದೇ ಹಾಗೆ. "ಹಾಗಾದರೆ ನೀನು ಹೊಡೆದದ್ದು ಯಾರನ್ನು?" ಎಂದರು.

ಮರುದಿನ ಅವರೇ ಹುಡುಗನನ್ನು ಕರೆಯಿರಿ ಎಂದರು. ಅವನು ಬಂದಿರಲಿಲ್ಲ. ನಾನು ಅವನ ಮನೆಗೆ ಹೋಗಿ ತಂದೆಯ ಎದುರಿನಲ್ಲಿಯೇ ಹುಡುಗನ ಕ್ಷಮೆ ಕೇಳಿ ಕರೆತಂದೆ. ಹಜ್ರತ್ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಕ್ಷರವನ್ನು ಶಬ್ದದಿಂದ ಬೇರೆ ಮಾಡಿದರು. ಮೊದಲು 'ಅ' ಎನ್ನಿಸಿ, ಅದರ ಮುಂದೆ ಆ ಕಾಫನ್ನು ಸುಕೂನ್ ಕೊಟ್ಟು ನಿಲ್ಲಿಸುವುದು. ನಾಲಿಗೆಯ ಬುಡ ಮೇಲೆದ್ದು ಕಿರುನಾಲಿಗೆಯ ಹತ್ತಿರ ತಾಗಿದರೆ ಧ್ವನಿ ಅಲ್ಲಿಯೇ ತಟ್ಟನೆ ತುಂಡಾಗುತ್ತದೆ. 'ಖಾ' ಆದರೆ ಉಸಿರು ಉಜ್ಜಿಕೊಂಡು ಹರಿಯುತ್ತಲೇ ಇರುತ್ತದೆ, ಬೇಕಾದಷ್ಟು ಎಳೆಯಬಹುದು. "ಎಳೆಯಲು ಬಂದರೆ ತಪ್ಪು, ಬರದಿದ್ದರೆ ಸರಿ" ಎಂದು ಹುಡುಗನಿಗೆ ಹೇಳಿದರು. ತನ್ನ ತಪ್ಪನ್ನು ತಾನೇ ಕಂಡುಹಿಡಿಯುವ ಉಪಾಯ ಅವನ ಕೈಗೇ ಬಂತು. ಎಂಟು-ಹತ್ತು ದಿನಗಳಲ್ಲಿ ಅಕ್ಷರ ಕೂತಿತು.

ಆ ರಾತ್ರಿ ಪತ್ರವನ್ನು ಹೊಸದಾಗಿ ಬರೆದೆ. ಅದರ ಮುಖ್ಯ ಭಾಗ ಹೀಗಿತ್ತು:

"ಆ ದಿನ ತಾವು ನನ್ನ ಕೈಯಿಂದ ಬೆತ್ತವನ್ನು ಕಿತ್ತುಕೊಳ್ಳಲಿಲ್ಲ. ನನ್ನ ತಾಯಿ ಏನನ್ನುತ್ತಾರೆಂದು ಕೇಳಿದಿರಿ. ಅಂದಿನಿಂದ ಮಗುವೊಂದು ತಪ್ಪಿದಾಗ, ಈ ತಪ್ಪು ಎಲ್ಲಿಂದ ಬಂತೆಂದು ಮೊದಲು ವಿಚಾರಿಸುತ್ತೇನೆ. ಮನೆಯ ಮಾತಿನಿಂದಲೋ, ಹಸಿವಿನಿಂದಲೋ, ಕಿವಿ ಮಂದವೋ, ಅಥವಾ ನಾನೇ ಸರಿಯಾಗಿ ಹೇಳಿಲ್ಲವೋ ಎಂದು ನೋಡುತ್ತೇನೆ. ಬೆತ್ತ ಮಕ್ತಬ್‌ನಲ್ಲಿ ಇಲ್ಲ. ಆದರೆ ನಾಲಿಗೆಯ ಬಿರುಸು ಇನ್ನೂ ಪೂರ್ತಿ ಹೋಗಿಲ್ಲ. ಅದಕ್ಕಾಗಿ ದುಆ ಮಾಡಿರಿ."

ಎಂಟು ಸಾಲು ಇರಲಿಲ್ಲ. ಆದರೆ ಮೊದಲಿನ ಪುಟಕ್ಕಿಂತ ಇದನ್ನು ಬರೆಯುವುದು ಕಷ್ಟವಾಯಿತು. ಏಕೆಂಬುದೂ ಅರಿವಾಯಿತು. 'ತಾವು ಸಾಗರ' ಎನ್ನುವಾಗ ನಾನು ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ. 'ತಮ್ಮಿಂದ ನನ್ನಲ್ಲಿ ಇದು ಬದಲಾಯಿತು' ಎನ್ನಬೇಕಾದರೆ, ಬದಲಾಗುವ ಮುಂಚೆ ನಾನು ಹೇಗಿದ್ದೆನೆಂಬುದನ್ನು ಹೇಳಲೇಬೇಕು. ಹೊಗಳಿಕೆಯ ಹಿಂದೆ ಅಡಗಿಕೊಳ್ಳಬಹುದು, ಇಂಥ ಕೃತಜ್ಞತೆಯ ಹಿಂದೆ ಅಡಗಲಾಗದು.

ಗುರುವಿನ ಪಾಲಿಗೂ ಇದರಲ್ಲಿ ವ್ಯತ್ಯಾಸವಿದೆ. ತಾನು ಆಡಿದ ಯಾವ ಮಾತು ಎಲ್ಲಿ ಬೇರೂರಿತೆಂಬುದು ಕಲಿಸಿದವನಿಗೆ ತಿಳಿದಿರುವುದಿಲ್ಲ. 14ನೇ ಶತಮಾನದ ದಮಾಸ್ಕಸ್‌ನ ಮಹಾ ಇತಿಹಾಸಕಾರ ಇಮಾಮ್ ಝಹಬೀ(ರ), ತಾನು ಹದೀಸ್‌ನ ಕಡೆ ತಿರುಗಿದ್ದಕ್ಕೆ ತನ್ನ ಗುರು ಬಿರ್ಝಾಲೀಯವರ(ರ) ಒಂದು ಮಾತನ್ನು ಕಾರಣವಾಗಿ ಹೇಳಿದ್ದಾರೆ. ನಿನ್ನ ಬರಹ ಹದೀಸ್ ವಿದ್ವಾಂಸರ ಬರಹದಂತಿದೆ ಎಂದು ಅವರು ಒಮ್ಮೆ ಹೇಳಿದ್ದರಷ್ಟೆ. ನಮ್ಮ ನಾಡಿನಲ್ಲಿಯೇ ನೋಡಿರಿ. ಯುವಕ ಕುವೆಂಪು 1924ರಲ್ಲಿ ಮೈಸೂರಿನಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್‌ರಿಗೆ ತಮ್ಮ ಇಂಗ್ಲಿಷ್ ಕವನಗಳನ್ನು ತೋರಿಸಿದಾಗ, ಮಾತೃಭಾಷೆಯಲ್ಲಿ ಬರೆಯಿರೆಂದು ಅವರು ಸಲಹೆಯಿತ್ತರು. ಕೇಳಿದಾಗ ಹಿತವೆನಿಸದಿದ್ದ ಆ ಮಾತೇ ತಮ್ಮನ್ನು ಕನ್ನಡಕ್ಕೆ ತಿರುಗಿಸಿತೆಂದು ಕುವೆಂಪು ಮುಂದೆ ತಮ್ಮ ಆತ್ಮಕಥೆಯಲ್ಲಿ ದಾಖಲಿಸಿದರು. ಇಬ್ಬರೂ ಗುರುವಿಗೆ ಬಿರುದು ಕೊಟ್ಟು ಕೈತೊಳೆದುಕೊಳ್ಳಲಿಲ್ಲ; ಯಾವ ಮಾತು, ಏನು ಮಾಡಿತು ಎಂದು ಹೇಳಿದರು.

ಆದರೆ ಇಲ್ಲಿ ಮೂರು ಎಚ್ಚರಿಕೆಗಳು ಅಗತ್ಯ. ಅಲ್ಲಾಹನು ಮರೆಮಾಡಿದ ಪಾಪವನ್ನು ತಾನಾಗಿಯೇ ಸಾರಿಕೊಂಡು ತಿರುಗುವುದನ್ನು ಪ್ರವಾದಿವರ್ಯರು(ಸ) ಖಂಡಿಸಿರುವರು. ನನ್ನ ತಪ್ಪನ್ನು ಹಜ್ರತ್ ಕಣ್ಣಾರೆ ಕಂಡಿದ್ದರು, ಊರಿಗೂ ಅದು ತಿಳಿದಿತ್ತು; ಆದ್ದರಿಂದ ಬರೆದೆ. ಯಾರಿಗೂ ತಿಳಿಯದ ಪಾಪವಾದರೆ 'ತಮ್ಮ ಮಾತಿನಿಂದ ಒಂದು ಕೆಟ್ಟ ಚಟ ಬಿಟ್ಟೆ' ಎಂದರೆ ಸಾಕು. ಎರಡನೆಯದಾಗಿ, ಆಗಿರುವ ಬದಲಾವಣೆಯನ್ನು ಇದ್ದಷ್ಟೇ ಹೇಳಬೇಕು. ಒಬ್ಬರನ್ನು ಹೊಗಳಲೇಬೇಕಾದರೆ ನಾನು ಇಂತು ಭಾವಿಸುತ್ತೇನೆ, ಲೆಕ್ಕ ನೋಡುವವನು ಅಲ್ಲಾಹನು ಎನ್ನಬೇಕೆಂದು ಬುಖಾರಿಯ ಹದೀಸ್ ಕಲಿಸುತ್ತದೆ. ಗುರುವಿನ ಅಂತರಂಗ ನಮಗೆ ಕಾಣದು. ನಮ್ಮಲ್ಲಾದ ಬದಲಾವಣೆ ಮಾತ್ರ ಕಾಣುತ್ತದೆ. ಕಂಡದ್ದಕ್ಕೆ ಸಾಕ್ಷ್ಯ ನುಡಿಯೋಣ. ಮೂರನೆಯದಾಗಿ, ಗುರುವಿಗೆ ಕೃತಜ್ಞತೆ ಸಲ್ಲಿಸಿದ ಮಾತ್ರಕ್ಕೆ ನಮ್ಮಿಂದ ನೊಂದವನ ಋಣ ತೀರುವುದಿಲ್ಲ. ಆ ಹುಡುಗನ ಕ್ಷಮೆಯನ್ನು ಆ ಹುಡುಗನಲ್ಲಿಯೇ ಕೇಳಬೇಕಾಗಿತ್ತು.

ಹದಿನೈದು ದಿನಗಳ ಮೇಲೆ ಉತ್ತರ ಬಂತು. ಕೈ ನಡುಗಿ ಅಕ್ಷರಗಳು ಓರೆಯಾಗಿದ್ದವು. ಆ ದಿನದ ಘಟನೆ ತನಗೆ ನೆನಪೇ ಇಲ್ಲವೆಂದು ಹಜ್ರತ್ ಬರೆದಿದ್ದರು. ಕೆಳಗೆ ಒಂದು ಪ್ರಶ್ನೆಯಿತ್ತು: "ಆ ಹುಡುಗ ಈಗ ಎಲ್ಲಿದ್ದಾನೆ? ನಮಾಝ್ ಮಾಡುತ್ತಾನೆಯೇ?"

ಅವನು ಶಿರಾದಲ್ಲಿ ಗ್ಯಾರೇಜ್ ಕೆಲಸ ಮಾಡುತ್ತಾನೆ. ಶುಕ್ರವಾರ ಊರಿಗೆ ಬಂದಿದ್ದಾಗ ಪತ್ರ ತೋರಿಸಿದೆ. ಓದಿ ನಕ್ಕ, ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನೂ ಒಂದು ಸಾಲು ಬರೆಯಲೇ ಮೌಲವಿ ಸಾಬ್?" ಎಂದ. ನನ್ನ ಉತ್ತರದ ಕೆಳಗೆ ಬರೆದ: "ಹಜ್ರತ್, ಸೂರಃ ಇಖ್ಲಾಸ್ ಓದುವಾಗ ಈಗಲೂ ಎಳೆದು ನೋಡುತ್ತೇನೆ. ಎಳೆಯಲು ಬರುವುದಿಲ್ಲ."

ಉಪಕಾರ ಮಾಡಿದವರಿಗೆ ಪ್ರತ್ಯುಪಕಾರ ಮಾಡಿರಿ, ಅದಕ್ಕೆ ಶಕ್ತಿಯಿಲ್ಲದಿದ್ದರೆ ಋಣ ತೀರಿತೆಂದು ಅನಿಸುವವರೆಗೆ ಅವರಿಗಾಗಿ ಪ್ರಾರ್ಥಿಸಿರಿ ಎಂಬುದು ಪ್ರವಾದಿವರ್ಯರ(ಸ) ಉಪದೇಶ. ಅಲ್ಲಾಹನು ನಮ್ಮ ಗುರುಗಳಿಗೆ ಅತ್ಯುತ್ತಮ ಪ್ರತಿಫಲ ನೀಡಲಿ. ಅವರು ನಮ್ಮಲ್ಲಿ ತಿದ್ದಿದ್ದನ್ನು ಅವರು ಬದುಕಿರುವಾಗಲೇ ಅವರಿಗೆ ತಿಳಿಸುವ ಸೌಭಾಗ್ಯವನ್ನು ನಮಗೆ ಕರುಣಿಸಲಿ. ಆಮೀನ್.