ನಮ, ಎಂಕುಲು ಮತ್ತು ನಾವು

ಸುಳ್ಯದ ಕಡೆಯ ನಮ್ಮ ಮನೆಯ ಜಗಲಿಯಲ್ಲಿ ಒಂದು ರಾತ್ರಿ ಏಳೆಂಟು ಮಂದಿ ಚಾಲಿ ಅಡಿಕೆ ಸುಲಿಯುತ್ತ ಕೂತಿದ್ದೆವು. ನನ್ನ ಅಜ್ಜಿ, ದೊಡ್ಡಪ್ಪ, ಆಚೆಮನೆಯ ಗೌಡರು, ಕೆಳಗಿನ ತೋಟದ ಭಟ್ಟರು, ಅವರ ಮಗ. ಊರಿನ ಶಾಲೆಗೆ ಗದಗದ ಕಡೆಯಿಂದ ಹೊಸತಾಗಿ ಬಂದಿದ್ದ ಮಾಸ್ಟ್ರೂ ಇದ್ದರು. ಸುಲಿಯುವುದನ್ನು ನೋಡಬೇಕೆಂದು ಬಂದವರು ತಾವೇ ಒಂದು ಕತ್ತಿಯ ಮುಂದೆ ಕೂತುಬಿಟ್ಟಿದ್ದರು. ಅಜ್ಜಿ ತುಳುವಿನಲ್ಲಿ ತನ್ನ ಮದುವೆಯ ದಿಬ್ಬಣ ಮಳೆಗಾಲದಲ್ಲಿ ಹೊಳೆ ದಾಟಿದ ಕಥೆ ಹೇಳುತ್ತಿದ್ದಳು. ದೋಣಿ ನಡುಹೊಳೆಯಲ್ಲಿ ತಿರುಗತೊಡಗಿದಾಗ ಮದುಮಗ, ಅಂದರೆ ನನ್ನ ಅಜ್ಜ, ಮದುಮಗಳ ಕೈ ಬಿಟ್ಟು ಬಾಳೆಗೊನೆಯನ್ನು ತಬ್ಬಿಕೊಂಡರಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾಸ್ಟ್ರು ನಮ್ಮ ಮುಖಗಳನ್ನು ನೋಡಿ, ಒಂದು ಕ್ಷಣ ತಡವಾಗಿ ತಾವೂ ನಕ್ಕು, ನನ್ನ ಕಡೆ ತಿರುಗಿ “ಏನಾತ್ರೀ?” ಎಂದು ಕೇಳಿದರು. ನಾನು ಹೇಳಿದೆ, “ಎಂತ ಇಲ್ಲ ಮಾಸ್ಟ್ರೇ, ಸುಮ್ಮನೆ.”

ಅವರು ತಲೆಯಾಡಿಸಿ ಅಡಿಕೆಯತ್ತ ಬಗ್ಗಿದರು. ಕಾಲು ಗಂಟೆಯಲ್ಲಿ ಎದ್ದು ಹೋದರು. “ಎಂತ ಇಲ್ಲ” ಎಂಬ ಆ ಎರಡು ಮಾತು ನನ್ನನ್ನು ಇಂದಿಗೂ ಚುಚ್ಚುತ್ತದೆ.

ತಪ್ಪು ತಿಳಿದ ಮೇಲೆ ನಾವು ಮಾಡಿದ್ದು ಎಲ್ಲರೂ ಮಾಡುವ ಪರಿಹಾರವನ್ನೇ. ಮುಂದಿನ ವಾರ ಮಾಸ್ಟ್ರು ಬಂದಾಗ ದೊಡ್ಡಪ್ಪ ಎಲ್ಲರಿಗೂ ಕಣ್ಸನ್ನೆ ಮಾಡಿದರು, ಇಡೀ ಜಗಲಿ ಕನ್ನಡಕ್ಕೆ ತಿರುಗಿತು. ಮಳೆ, ಅಡಿಕೆ ರೇಟು, ಶಾಲೆಯ ಕಟ್ಟಡ. ಭಾಷಣದ ಕನ್ನಡದಲ್ಲಿ ಮಾತು ಸಾಗಿತು, ಯಾರೂ ನಗಲಿಲ್ಲ. ಅಜ್ಜಿ “ಎಂಕ್ ಕನ್ನಡ ಬರ್ಪುಜಿ” ಎಂದು ಹೇಳಿ ಒಳಗೆ ಹೋಗಿ ಮಲಗಿದಳು. ಒಬ್ಬರನ್ನು ಒಳಗೆ ಕರೆದುಕೊಳ್ಳಲು ಹೋಗಿ ಇನ್ನೊಬ್ಬರನ್ನು ಅವರದೇ ಜಗಲಿಯಿಂದ ಎಬ್ಬಿಸಿದ್ದೆವು. ಮಾಸ್ಟ್ರಿಗೂ ಅದು ಹಿತವಾಗಲಿಲ್ಲ. ತನ್ನಿಂದಾಗಿ ಮಾತು ಕೆಟ್ಟಿತು ಎಂದು ಯಾರಿಗಾದರೂ ಗೊತ್ತಾಗದೆ ಇರುತ್ತದೆಯೆ?

ಪುತ್ತೂರು, ಸುಳ್ಯ, ಅವೆರಡರ ಗ್ರಾಮಗಳನ್ನು ಸೇರಿಸಿ ಆದ ಕಡಬ, ಈ ಮೂರು ತಾಲೂಕುಗಳಲ್ಲಿ ಇಂಥ ಸಂದರ್ಭ ದಿನಕ್ಕೆ ಹತ್ತು ಸಲ ಬರುತ್ತದೆ. ತುಳು ಬೀದಿಯ ಮತ್ತು ಗದ್ದೆಯ ಮಾತು, ಕನ್ನಡ ಶಾಲೆಯ ಮತ್ತು ಕಾಗದದ ಮಾತು. ಮನೆಯೊಳಗೆ ಗೌಡರದ್ದು ಅರೆಭಾಷೆ, ಹವ್ಯಕರದ್ದು ಹವ್ಯಕ ಕನ್ನಡ, ಇನ್ನು ಕೊಂಕಣಿ, ಬ್ಯಾರಿ, ಮಲಯಾಳ. 1964ರ ಶಾಸ್ತ್ರಿ-ಸಿರಿಮಾವೊ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ರಬ್ಬರ್ ತೋಟಗಳಲ್ಲಿ ನೆಲೆಸಿದವರ ತಮಿಳು. ಭಾಷೆ ಬದಲಿಸುವುದು ಇಲ್ಲಿ ಯಾರಿಗೂ ಹೊಸತಲ್ಲ, ವಾಕ್ಯದ ನಡುವೆಯೇ ಬದಲಿಸಿಬಿಡುತ್ತೇವೆ. ಆ ಚಳಕ ಇದ್ದೂ ಮಾಸ್ಟ್ರು ಎದ್ದು ಹೋದರು. ಆದ್ದರಿಂದ ‘ಯಾವ ಭಾಷೆಯಲ್ಲಿ ಮಾತಾಡಬೇಕು’ ಎಂಬ ಪ್ರಶ್ನೆಯಿಂದ ಶುರುಮಾಡುವುದೇ ತಪ್ಪು ಎಂದು ನನಗನ್ನಿಸುತ್ತದೆ. ಹೊರಗುಳಿಯುವುದು ಅಂದರೆ ಏನು ಎಂಬುದನ್ನು ಮೊದಲು ಕೇಳಬೇಕು.

ಇದಕ್ಕೆ ತುಳುವಿನಲ್ಲೇ ಒಂದು ದಾರಿ ಇದೆ. ಕನ್ನಡದ ‘ನಾವು’ ಎಂಬ ಒಂದು ಮಾತಿಗೆ ತುಳುವಿನಲ್ಲಿ ಎರಡು ಮಾತುಗಳಿವೆ. ‘ನಮ’ ಎಂದರೆ ಕೇಳುತ್ತಿರುವ ನೀವೂ ಸೇರಿದ ನಾವು. ‘ಎಂಕುಲು’ ಎಂದರೆ ನಿಮ್ಮನ್ನು ಬಿಟ್ಟು ನಾವು. “ನಮ ಎಲ್ಲೆ ಪೋಪ” ಎಂದರೆ ನಾಳೆ ನೀವೂ ಬರುತ್ತೀರಿ. “ಎಂಕುಲು ಎಲ್ಲೆ ಪೋಪ” ಎಂದರೆ ನೀವು ಮನೆಯಲ್ಲೇ ಇರುತ್ತೀರಿ. ಮಲಯಾಳ, ತಮಿಳುಗಳಲ್ಲೂ ಈ ಭೇದ ಇದೆ. ನಮ್ಮ ಕಡೆಯ ಹವ್ಯಕ ಕನ್ನಡದಲ್ಲೂ ‘ಎಂಗೊ’ ಎಂದರೆ ನಿಮ್ಮನ್ನು ಬಿಟ್ಟು, ‘ನಾವು’ ಎಂದರೆ ನೀವೂ ಸೇರಿ. ಇಂದಿನ ಬರಹದ ಕನ್ನಡಕ್ಕೆ ಮಾತ್ರ ಒಂದೇ ‘ನಾವು’. “ನಾವು ನಾಳೆ ಸುಬ್ರಹ್ಮಣ್ಯಕ್ಕೆ ಹೋಗುತ್ತೇವೆ” ಎಂಬುದನ್ನು ಕೇಳಿದವನಿಗೆ ಅದು ಕರೆಯೋ ಬರೀ ಸುದ್ದಿಯೋ ತಿಳಿಯುವುದಿಲ್ಲ. ತುಳು ಮಾತಾಡುವವನಾದರೋ ‘ನಾವು’ ಎನ್ನಬೇಕಾದಾಗಲೆಲ್ಲ ಎದುರಿಗಿರುವವರು ಬೇಲಿಯ ಒಳಗೋ ಹೊರಗೋ ಎಂದು ತೀರ್ಮಾನಿಸಲೇಬೇಕು. ವ್ಯಾಕರಣವೇ ಅವನಿಂದ ಅದನ್ನು ಕೇಳುತ್ತದೆ.

ಹೊರಗುಳಿಯುವುದು ಎಂದರೆ ನನ್ನ ಮಟ್ಟಿಗೆ ಇಷ್ಟೇ: ಆ ಕೂಟದ ‘ನಮ’ದಲ್ಲಿ ತಾನಿಲ್ಲ ಎಂದು ಒಬ್ಬರಿಗೆ ಗೊತ್ತಾಗುವುದು. ಮಾತು ಅರ್ಥವಾಗದಿರುವುದು ಬೇರೆಯೇ ಸಂಗತಿ. ಇವೆರಡನ್ನೂ ಒಂದೇ ಎಂದುಕೊಂಡದ್ದರಿಂದಲೇ ನಮ್ಮ ಜಗಲಿಯ ಎರಡನೆಯ ರಾತ್ರಿ ಕೆಟ್ಟಿತು.

ಇವೆರಡೂ ಬೇರೆ ಎಂಬುದು ನಮ್ಮ ಊರಿನಲ್ಲೇ ಕಣ್ಣಿಗೆ ಕಾಣುತ್ತದೆ. ಎಲ್ಲರೂ ತುಳುವಿನಲ್ಲಿ ಮಾತಾಡುತ್ತಿರುವಾಗ ಇಬ್ಬರು ಹವ್ಯಕರು ತಟ್ಟನೆ ಹವ್ಯಕಕ್ಕೆ, ಇಬ್ಬರು ಗೌಡರು ಅರೆಭಾಷೆಗೆ ತಿರುಗಿದರೆ ಉಳಿದವರಿಗೆ ಅದು ಹೆಚ್ಚುಕಡಿಮೆ ಪೂರ್ತಿ ಅರ್ಥವಾಗುತ್ತದೆ. ಎರಡೂ ಕನ್ನಡವೇ, ಹುಟ್ಟಿದಂದಿನಿಂದ ಕೇಳಿದ್ದೇ. ಆದರೂ ಕೂಟದಲ್ಲಿ ಒಂದು ಬಾಗಿಲು ಮುಚ್ಚಿದ ಹಾಗಾಗುತ್ತದೆ. ಇಲ್ಲಿ ಮನೆಮಾತು ಎಂದರೆ ಜಾತಿಯೂ ಹೌದು; ಆ ಇಬ್ಬರು ತಮ್ಮ ‘ಎಂಕುಲು’ವನ್ನು ಎಲ್ಲರ ನಡುವೆ ಎಳೆದು ತೋರಿಸಿದರು. ಕೇಳಿದವರಿಗೆ ಪದಪದವೂ ತಿಳಿದಿದ್ದರೂ ಅವರು ಹೊರಗೆ ಉಳಿದರು. ಇದಕ್ಕೆ ತಿರುಗಾಮುರುಗಾ ಆದದ್ದೂ ಇದೆ. ನಮ್ಮಲ್ಲಿಗೆ ಮದುವೆಯಾಗಿ ಬಂದ ಘಟ್ಟದ ಮೇಲಿನ ಸೊಸೆಯಂದಿರು ಮೊದಲ ವರ್ಷ ಅತ್ತೆಯ ತುಳುವಿಗೆ ಕನ್ನಡದಲ್ಲಿ ಉತ್ತರ ಕೊಡುತ್ತ ಅಡುಗೆಮನೆ ನಡೆಸುತ್ತಾರೆ. ಅರ್ಧ ಮಾತು ತಪ್ಪಿಹೋಗುತ್ತದೆ, ಆದರೆ ಅತ್ತೆ ಮುಖ ನೋಡಿ ಮಾತಾಡುತ್ತಾಳೆ, ನಡುವೆ “ತೆರಿಂಡಾ?” ಎಂದು ಕೇಳುತ್ತಾಳೆ. ಅಲ್ಲಿ ಯಾರೂ ಹೊರಗಿಲ್ಲ.

ಹಾಗಾದರೆ ಎಲ್ಲ ಬಿಟ್ಟು ಕನ್ನಡಕ್ಕೆ ತಿರುಗುವುದರಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ಅತಿಥಿಗಾಗಿ ಮನೆಯವರು ಬದಲಾಗುವುದು ಸೌಜನ್ಯವಲ್ಲವೆ? ಸೌಜನ್ಯ ಹೌದು. ಆದರೆ ಅದು ಅತಿಥಿಯನ್ನು ಅತಿಥಿಯಾಗಿಯೇ ಉಳಿಸುವ ಸೌಜನ್ಯ. ಹತ್ತು ಹದಿನೈದು ವರ್ಷ ಇಲ್ಲಿ ಕೆಲಸ ಮಾಡಿ ಒಂದು ತುಳು ವಾಕ್ಯವೂ ಬಾರದೆ ವರ್ಗವಾಗಿ ಹೋದ ನೌಕರರನ್ನು ನಾನು ಕಂಡಿದ್ದೇನೆ. ತಪ್ಪು ಅವರದಲ್ಲ, ಅವರನ್ನು ಕಂಡೊಡನೆ ಎಲ್ಲರೂ ಕನ್ನಡಕ್ಕೆ ಹಾರಿದೆವು. ಕಲಿಯಲು ಕಿವಿಗೆ ಬೀಳಬೇಕಲ್ಲ? ಅದೇ ಹೊತ್ತಿಗೆ ನಮ್ಮ ಅಜ್ಜಿಯಂದಿರು, ಕನ್ನಡದ ಶಾಲೆಗೆ ಹೋಗದವರು, ಮೂಕರಾದರು. ಬಂದವರು ತುಳು ಕಲಿಯಲಿ, ನಾವೇಕೆ ಬದಲಾಗಬೇಕು ಎಂಬ ಇನ್ನೊಂದು ವಾದಕ್ಕೂ ನನ್ನ ಉತ್ತರ ಇದೇ. ಕಲಿಯಬೇಕಾದರೆ ಮೊದಲು ಜಗಲಿಯಲ್ಲಿ ಕೂರುವಂತಾಗಬೇಕು.

ಮೂರನೆಯ ಸಲ ನಾವು ದಾರಿ ಕಂಡುಕೊಂಡದ್ದು ಅಜ್ಜಿಯಿಂದ. ಮಾಸ್ಟ್ರು ಬಂದ ಕೂಡಲೇ ಅವಳು ನನ್ನ ಮೂಲಕ ಕೇಳಿಸಿದಳು: “ತುಳು ಸ್ವಲ್ಪ ಅರ್ಥ ಆಗ್ತದಾ?” ಅವರು “ಸ್ವಲ್ಪ ಸ್ವಲ್ಪ ತಿಳೀತದ, ಮಾತಾಡಾಕ ಬರಂಗಿಲ್ಲ” ಎಂದರು. ಇದನ್ನು ಮೊದಲ ದಿನವೇ ಯಾರೂ ಕೇಳಿರಲಿಲ್ಲ. ಅಜ್ಜಿ ತುಳುವಿನಲ್ಲೇ ಕಥೆ ಶುರುಮಾಡಿದಳು, ಆದರೆ ಮಾಸ್ಟ್ರ ಕಡೆಗೂ ನೋಡುತ್ತ, ಸ್ವಲ್ಪ ನಿಧಾನವಾಗಿ. ಮುಖ್ಯ ತಿರುವು ಬಂದಾಗ ನಾನು ಒಂದು ವಾಕ್ಯ ಕನ್ನಡದಲ್ಲಿ ಹೇಳುತ್ತಿದ್ದೆ. ಅದು ನಗು ಏಳುವುದಕ್ಕೆ ಮುಂಚೆ ಹೇಳಬೇಕಾದ ವಾಕ್ಯ ಎಂದು ಎರಡು ಸಲ ತಪ್ಪಿದ ಮೇಲೆ ಗೊತ್ತಾಯಿತು. ನಕ್ಕು ಮುಗಿದ ಮೇಲೆ ವಿವರಿಸಿದ ಹಾಸ್ಯ ಪಾಠದಂತಿರುತ್ತದೆ, ಕೇಳುವವನು ಒತ್ತಾಯಕ್ಕೆ ನಗಬೇಕಾಗುತ್ತದೆ. “ಈಗ ದೋಣಿ ಹೊಳೆಯ ನಡುವೆ ತಿರುಗುತ್ತಾ ಇದೆ, ಅಜ್ಜನ ಕೈಯಲ್ಲಿ ಅಜ್ಜಿಯ ಕೈ ಇದೆ” ಎಂದಷ್ಟು ಮೊದಲೇ ಹೇಳಿಟ್ಟರೆ ಬಾಳೆಗೊನೆಯ ಮಾತಿಗೆ ಮಾಸ್ಟ್ರು ಎಲ್ಲರ ಜೊತೆಗೇ ನಗುತ್ತಾರೆ. ಪ್ರತಿ ಪದವನ್ನೂ ಅನುವಾದಿಸಬೇಕಾಗಿಲ್ಲ, ಅನುವಾದಿಸಿದರೆ ಕಥೆ ಸಾಯುತ್ತದೆ. ಕಥೆ ಮುಗಿದ ಮೇಲೆ ಮಾತು ಅವರಿಗೆ ಬರಬೇಕು: “ನಿಮ್ಮ ಕಡೆ ದಿಬ್ಬಣ ಹೇಗೆ ಹೋಗ್ತದೆ ಮಾಸ್ಟ್ರೇ?” ಅವರು ಗದಗದ ಕನ್ನಡದಲ್ಲಿ ಹೇಳಿದರು, ಅಜ್ಜಿಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ದೊಡ್ಡಪ್ಪ ತುಳುವಿನಲ್ಲಿ ಸೇರಿಸಿದರು. ಅವಳು ಎದ್ದು ಹೋಗಲಿಲ್ಲ.

ಯಾರೋ ಹೊರಗುಳಿದಿದ್ದಾರೆ ಎಂದು ತಿಳಿಯುವುದೂ ಕಷ್ಟವಲ್ಲ. ಅವರ ನಗು ಉಳಿದವರ ಮುಖ ನೋಡಿ ತಡವಾಗಿ ಬರುತ್ತದೆ. ಕೈ ಮೊಬೈಲಿಗೆ ಹೋಗುತ್ತದೆ, ಇಲ್ಲವೆ ಅವರು ಕೂಟ ಬಿಟ್ಟು ಮನೆಯ ಮಗುವಿನ ಜೊತೆ ಆಡತೊಡಗುತ್ತಾರೆ.

ಆದರೆ ಜಗಲಿಯ ರೀತಿ ಎಲ್ಲ ಕಡೆ ಸಲ್ಲುವುದಿಲ್ಲ. ಅದೇ ವರ್ಷ ಶಾಲೆಯ ಪೋಷಕರ ಸಭೆಯಲ್ಲಿ ಇದು ನನಗೆ ಸ್ಪಷ್ಟವಾಯಿತು. ಸಭೆ ಕನ್ನಡದಲ್ಲಿ ಶುರುವಾಗಿ, ಎಲ್ಲ ಸಭೆಗಳಂತೆ ಹತ್ತು ನಿಮಿಷದಲ್ಲಿ ತುಳುವಿಗೆ ಜಾರಿತು. ಮುಂದಿನ ಸಭೆ ಯಾವಾಗ ಎಂಬುದು ಬೆಂಚಿನ ಒಂದು ಮೂಲೆಯಲ್ಲಿ ಮೂರು ಮಂದಿಯ ತುಳು ಮಾತಿನಲ್ಲಿ ಮುಗಿದುಹೋಯಿತು: ಶನಿವಾರ ಬೆಳಿಗ್ಗೆ ಎಂಟಕ್ಕೆ. ಬರೆದುಕೊಳ್ಳುವವರು ಕನ್ನಡದಲ್ಲಿ ಅದನ್ನು ಬರೆದರು. ಹಿಂದಿನ ಬೆಂಚಿನಲ್ಲಿ ರಬ್ಬರ್ ತೋಟದ ಕಾಲೊನಿಯ ಇಬ್ಬರು ತಾಯಂದಿರಿದ್ದರು. ಮನೆಯಲ್ಲಿ ತಮಿಳು, ಕನ್ನಡ ಚೆನ್ನಾಗಿ ಬರುತ್ತದೆ, ಬಿರುಸಾದ ತುಳು ಕಷ್ಟ. ರಬ್ಬರ್ ಟ್ಯಾಪಿಂಗ್ ನಸುಕಿನಲ್ಲೇ ಆಗಬೇಕು. ತಂಪಿರುವಾಗ ಹಾಲು ಚೆನ್ನಾಗಿ ಹರಿಯುತ್ತದೆ, ಆಮೇಲೆ ಮರದಿಂದ ಮರಕ್ಕೆ ಹೋಗಿ ಅದನ್ನು ಸಂಗ್ರಹಿಸಬೇಕು. ಬೆಳಿಗ್ಗೆ ಎಂಟು ಗಂಟೆ ಅವರಿಗೆ ಕೆಲಸದ ನಟ್ಟನಡು. ಒಂದು ಸಲ ಕನ್ನಡದಲ್ಲಿ ಕೇಳಿದ್ದರೆ ಹೇಳುತ್ತಿದ್ದರು. ಶನಿವಾರ ಇಬ್ಬರೂ ಬರಲಿಲ್ಲ, “ಅವರಿಗೆ ಮಕ್ಕಳ ಬಗ್ಗೆ ಆಸಕ್ತಿ ಇಲ್ಲ” ಎಂಬ ಮಾತು ಬಂತು. ಆ ಮಾತು ಬಂದದ್ದೂ ತುಳುವಿನಲ್ಲೇ.

ಇಲ್ಲಿ ನಾನು ಕಟ್ಟುನಿಟ್ಟು. ಕಥೆ, ತಮಾಷೆ, ಊರ ಸುದ್ದಿ ಯಾವ ಭಾಷೆಯಲ್ಲಿ ಬೇಕಾದರೂ ಇರಲಿ, ನಡುವೆ ಕೈ ಹಿಡಿದು ನಡೆಸುವವರಿದ್ದರೆ ಸಾಕು. ಆದರೆ ದಿನ, ಗಂಟೆ, ಹಣ, ಯಾರು ಯಾವ ಕೆಲಸ ಮಾಡಬೇಕು ಎಂಬ ತೀರ್ಮಾನದ ಹೊತ್ತಿಗೆ ಇಡೀ ಸಭೆ ಎಲ್ಲರಿಗೂ ಬರುವ ಭಾಷೆಗೆ ತಿರುಗಲೇಬೇಕು. ತಿರುಗಿ ತೀರ್ಮಾನವನ್ನು ಓದಿ ಹೇಳಿದರೆ ಸಾಲದು, ಪ್ರಶ್ನೆಯನ್ನೇ ಆ ಭಾಷೆಯಲ್ಲಿ ಮೊದಲಿಂದ ಇಡಬೇಕು. ಮುಗಿದ ತೀರ್ಮಾನದ ಅನುವಾದ ‘ಎಂಕುಲು’ವಿನ ಪ್ರಕಟಣೆ ಮಾತ್ರ. ಜಗಲಿಯಲ್ಲಿ ತಪ್ಪಿದರೆ ಒಬ್ಬರ ಮನಸ್ಸು ನೋಯುತ್ತದೆ. ಸಭೆಯಲ್ಲಿ ತಪ್ಪಿದರೆ ಒಬ್ಬರ ಹಕ್ಕು ಹೋಗುತ್ತದೆ, ಮೇಲೆ ಅಪವಾದವೂ ಬರುತ್ತದೆ.

ಮಾಸ್ಟ್ರು ಆ ಸಭೆಯ ಮಾತನ್ನು ಎತ್ತಿದರು. ನಂತರದ ಸಭೆ ಮಧ್ಯಾಹ್ನ ಮೂರಕ್ಕೆ ನಡೆಯಿತು, ತಾಯಂದಿರಿಬ್ಬರೂ ಬಂದರು.

ನಿಮ್ಮ ಕೂಟದಲ್ಲೂ ಇಂದೋ ನಾಳೆಯೋ ಯಾರಾದರೂ ನಿಮ್ಮ ಕಡೆ ತಿರುಗಿ “ಏನು, ಏನಾಯಿತು?” ಎಂದು ಕೇಳುತ್ತಾರೆ. ದಯವಿಟ್ಟು “ಎಂತ ಇಲ್ಲ” ಎನ್ನಬೇಡಿ. ಏನಾಯಿತೆಂದು ಹೇಳಿ.