ಮಾವನ ಹೆಸರು

ಅನ್ನಪೂರ್ಣೇಶ್ವರಿ ನಗರದಲ್ಲಿ ನಮ್ಮ ಮನೆಗೆ ಎರಡು ಮನೆಯಾಚೆ ಒಬ್ಬ ಹುಡುಗನಿದ್ದಾನೆ. ಬಿ.ಕಾಂ. ಮುಗಿಸಿ ಎರಡು ವರ್ಷ ಒಬ್ಬ ಆಡಿಟರ ಬಳಿ ಲೆಕ್ಕ ಬರೆದವನು. ಒಂದು ಭಾನುವಾರ ಸಂಜೆ ಅರ್ಜಿಯೊಂದನ್ನು ಹಿಡಿದುಕೊಂಡು ಬಂದ. ಪೀಣ್ಯದ ಒಂದು ಕಾರ್ಖಾನೆಯ ಅಕೌಂಟ್ಸ್ ವಿಭಾಗದಲ್ಲಿ ಸಹಾಯಕನ ಕೆಲಸ ಖಾಲಿಯಿತ್ತು. ಅದೇ ಕಾರ್ಖಾನೆಯ ಸ್ಟೋರ್ಸಿನಲ್ಲಿ ಅವನ ಸೋದರಮಾವ ಹದಿನಾಲ್ಕು ವರ್ಷದಿಂದ ಇದ್ದಾರೆ. "ಮಾವನ ಹೆಸರನ್ನು ಬರೆಯಲೋ ಬೇಡವೋ, ಸರ್?" ಎಂಬುದು ಅವನ ಪ್ರಶ್ನೆ.

ಅವನ ತಾಯಿಯೂ ಹಿಂದೆಯೇ ಬಂದಿದ್ದರು. "ಕೇಳದೆ ಇದ್ದದ್ದನ್ನು ಹೇಳುವುದು ಯಾತಕ್ಕೆ? ಹೇಳಿ ಕೆಲಸ ತಪ್ಪಿದರೆ?" ಎಂದರು. ಆಕೆಯ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿರಲಿಲ್ಲ. ಎಷ್ಟೋ ಸಂಸ್ಥೆಗಳು ತಮ್ಮ ಅರ್ಜಿಯ ನಮೂನೆಯಲ್ಲಿಯೇ "ನಿಮ್ಮ ಸಂಬಂಧಿಕರು ಯಾರಾದರೂ ಇಲ್ಲಿ ಕೆಲಸದಲ್ಲಿದ್ದಾರೆಯೇ?" ಎಂಬ ಅಂಕಣವನ್ನಿಡುತ್ತವೆ. ಅಲ್ಲಿ "ಇಲ್ಲ" ಎಂದು ಬರೆದರೆ ಅದು ಸುಳ್ಳು. ಕೆಳಗೆ "ಮೇಲ್ಕಂಡ ವಿವರಗಳೆಲ್ಲ ಸತ್ಯ" ಎಂದು ಸಹಿ ಹಾಕಿರುವುದರಿಂದ ಮುಂದೊಂದು ದಿನ ಅದೇ ಕೆಲಸ ಕಳೆಯುವುದಕ್ಕೂ ಕಾರಣವಾದೀತು. ಆದರೆ ಈ ಕಾರ್ಖಾನೆ ಅಂಥ ನಮೂನೆಯನ್ನು ಕೊಟ್ಟಿರಲಿಲ್ಲ. ಒಂದು ಪತ್ರ, ಒಂದು ವಿವರಪಟ್ಟಿ, ಅಷ್ಟನ್ನೇ ಕೇಳಿತ್ತು. ಕೇಳದಿದ್ದಾಗ ಸುಮ್ಮನಿರುವುದು ಸುಳ್ಳಾಗುತ್ತದೆಯೆ?

ಕಾಯಿದೆಯನ್ನು ಕೇಳಿದರೆ ಹುಡುಗನಿಗೆ ಅಡ್ಡಿಯೇ ಇಲ್ಲ. 2013ರ ಕಂಪನಿ ಕಾಯಿದೆ ಮತ್ತು ಅದರ 2014ರ ನಿಯಮಗಳು "ಸಂಬಂಧಿಕ" ಎಂದರೆ ಯಾರೆಂದು ಪಟ್ಟಿ ಮಾಡಿವೆ: ಗಂಡ ಹೆಂಡತಿ, ತಂದೆ ತಾಯಿ, ಮಗ ಸೊಸೆ, ಮಗಳು ಅಳಿಯ, ಅಣ್ಣತಮ್ಮ, ಅಕ್ಕತಂಗಿ, ಅವಿಭಕ್ತ ಹಿಂದೂ ಕುಟುಂಬದ ಸದಸ್ಯರು. ಈ ಪಟ್ಟಿಯಲ್ಲಿ ಸೋದರಮಾವ ಎಂಬ ಹೆಸರಿಲ್ಲ. ಕಂಪನಿಯ ನಿರ್ದೇಶಕರು ಮತ್ತು ಮೇಲಧಿಕಾರಿಗಳ ವ್ಯವಹಾರಕ್ಕಾಗಿ ಮಾಡಿದ ಪಟ್ಟಿ ಅದು. ಸ್ಟೋರ್ಸಿನ ನೌಕರರೊಬ್ಬರ ಸೋದರಳಿಯನನ್ನು ಅದು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಆದರೆ ನಮ್ಮ ಮನೆಗಳಲ್ಲಿ ಸೋದರಮಾವನ ಸ್ಥಾನವೇನೆಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಕಿವಿ ಚುಚ್ಚಿಸುವಾಗ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವವನು ಅವನು. ಕಾಯಿದೆಯ ಪಟ್ಟಿಗೂ ಮನಸ್ಸಿನ ಪಟ್ಟಿಗೂ ಹೊಂದಾಣಿಕೆಯಿಲ್ಲದ ಕಡೆಯಲ್ಲಿಯೇ ನೀತಿಯ ಪ್ರಶ್ನೆ ಹುಟ್ಟುವುದು.

ನ್ಯಾಯಾಲಯಗಳು ಈ ಮನಸ್ಸಿನ ಪಟ್ಟಿಯನ್ನು ಕಡೆಗಣಿಸಿಲ್ಲ. 1969ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ಕ್ರೈಪಾಕ್ ಮೊಕದ್ದಮೆಯನ್ನು ನೋಡಿ. ಜಮ್ಮು ಕಾಶ್ಮೀರದಿಂದ ಭಾರತೀಯ ಅರಣ್ಯ ಸೇವೆಗೆ ಅಧಿಕಾರಿಗಳನ್ನು ಆರಿಸುವ ಮಂಡಳಿಯಲ್ಲಿ ಒಬ್ಬ ಸದಸ್ಯರು ತಾವೇ ಉಮೇದುವಾರರೂ ಆಗಿದ್ದರು. ತಮ್ಮ ಹೆಸರು ಬಂದಾಗ ಅವರು ಕಲಾಪದಿಂದ ದೂರವಿದ್ದರು. ಆದರೆ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಕುಳಿತಿದ್ದರು. ನ್ಯಾಯಾಲಯ ಆಯ್ಕೆಯನ್ನು ರದ್ದುಮಾಡಿತು. ಅವರು ನಿಜವಾಗಿ ಪಕ್ಷಪಾತ ಮಾಡಿದರೇ ಎಂದು ಯಾರ ಮನಸ್ಸನ್ನೂ ಬಗೆದು ನೋಡಲಾಗದು. ಪಕ್ಷಪಾತಕ್ಕೆ ಎಡೆಯಿತ್ತೇ ಎಂಬುದೇ ಪ್ರಶ್ನೆ ಎಂಬುದು ಅದರ ನಿಲುವು. 1985ರ ಅಶೋಕ್ ಕುಮಾರ್ ಯಾದವ್ ಮೊಕದ್ದಮೆಯಲ್ಲಿ, ಲೋಕಸೇವಾ ಆಯೋಗದ ಸದಸ್ಯರ ಹತ್ತಿರದ ಬಂಧು ಸಂದರ್ಶನಕ್ಕೆ ಬಂದರೆ ಆ ಸದಸ್ಯರು ಎದ್ದುಹೋಗಬೇಕು, ಆ ಉಮೇದುವಾರನ ಯೋಗ್ಯತೆಯ ಚರ್ಚೆಯಲ್ಲಿಯೂ ಪಾಲುಗೊಳ್ಳಬಾರದು ಎಂದು ಅದೇ ನ್ಯಾಯಾಲಯ ಹೇಳಿತು. ಎದ್ದುಹೋಗಬೇಕಾದರೆ ಮೊದಲು ಸಂಬಂಧ ಗೊತ್ತಾಗಬೇಕು. ಹೇಳುವುದರ ಉಪಯೋಗ ಅಲ್ಲಿದೆ. ಹೇಳಿದ ಮಾತ್ರಕ್ಕೆ ಆಯ್ಕೆ ನ್ಯಾಯವಾಗಿಬಿಡುವುದಿಲ್ಲ. ನ್ಯಾಯವಾಗಿ ನಡೆಸಬೇಕಾದವರ ಕೈಗೆ ಅದಕ್ಕೆ ಬೇಕಾದ ಸಂಗತಿ ಸೇರುತ್ತದೆ, ಅಷ್ಟೆ.

ನಮ್ಮ ಹುಡುಗನ ವಿಷಯದಲ್ಲಿ ಇನ್ನೊಂದು ಕಾರಣವೂ ಇತ್ತು. ಕಾರ್ಖಾನೆಗೆ ಸರಕು ಬಂದರೆ ಸ್ಟೋರ್ಸಿನವರು ಎಣಿಸಿ ತೂಗಿ "ಇಷ್ಟು ಬಂದಿದೆ" ಎಂದು ಸ್ವೀಕೃತಿ ಚೀಟಿ ಬರೆಯುತ್ತಾರೆ. ಅಕೌಂಟ್ಸಿನವರು ಆ ಚೀಟಿಯನ್ನೂ, ಖರೀದಿಯ ಆರ್ಡರನ್ನೂ, ಮಾರಿದವನ ಬಿಲ್ಲನ್ನೂ ಪಕ್ಕಪಕ್ಕದಲ್ಲಿಟ್ಟು, ಮೂರೂ ತಾಳೆಯಾದರೆ ಮಾತ್ರ ಹಣ ಕೊಡುತ್ತಾರೆ. ನೂರು ಕಿಲೋ ಬಂದದ್ದು ನೂರಿಪ್ಪತ್ತಾಗದಂತೆ ಕಾಯುವುದು ಈ ತಾಳೆಯೇ. ಅದಕ್ಕೆ ಬಲ ಬರುವುದು ಚೀಟಿ ಬರೆಯುವವನೂ ಬಿಲ್ಲು ಪಾಸು ಮಾಡುವವನೂ ಬೇರೆಬೇರೆ ಆಗಿರುವುದರಿಂದ. ಮಾವ ಚೀಟಿ ಬರೆದು ಅಳಿಯ ಬಿಲ್ಲು ಪಾಸು ಮಾಡಿದರೆ, ಇಬ್ಬರೂ ದೇವರಂಥವರಾದರೂ, ಕಾವಲು ಎರಡರ ಬದಲು ಒಂದೇ ಆಯಿತು. ನಾಳೆ ಲೆಕ್ಕದಲ್ಲಿ ಹತ್ತು ಕಿಲೋ ಕಡಮೆಯಾದರೆ ಎಲ್ಲರ ಕಣ್ಣೂ ಮೊದಲು ಬೀಳುವುದು ಇವರ ಮೇಲೆ. ಮೊದಲೇ ತಿಳಿದಿದ್ದರೆ ಮಾಲೀಕರು ಹುಡುಗನನ್ನು ಸಂಬಳದ ಲೆಕ್ಕಕ್ಕೋ ಮಾರಾಟದ ಲೆಕ್ಕಕ್ಕೋ ಹಾಕಬಹುದು. ಇದನ್ನು ವಿವರಿಸಿದಾಗ ಹುಡುಗ ತಲೆಯಾಡಿಸಿದ. ಆಡಿಟರ ಬಳಿ ಇದ್ದವನಲ್ಲವೆ!

ಆದರೆ ಅವನು ಬರೆದು ತಂದ ವಾಕ್ಯ ಹೀಗಿತ್ತು: "ತಮ್ಮ ಸಂಸ್ಥೆಯಲ್ಲಿ ಹದಿನಾಲ್ಕು ವರ್ಷ ನಿಷ್ಠೆಯಿಂದ ಸೇವೆ ಸಲ್ಲಿಸುತ್ತಿರುವ ನನ್ನ ಸೋದರಮಾವನವರು ನನ್ನ ನಡತೆಯನ್ನು ಚೆನ್ನಾಗಿ ಬಲ್ಲರು." ಅದೂ ಪತ್ರದ ಮೊದಲ ಸಾಲಿನಲ್ಲಿ! ಇದು ತಿಳಿಸುವುದಲ್ಲ, ಶಿಫಾರಸು. ಎರಡಕ್ಕೂ ಇರುವ ಅಂತರವನ್ನು ಕಂಡುಹಿಡಿಯಲು ಒಂದು ಸುಲಭದ ಉಪಾಯವಿದೆ. ಆ ವಾಕ್ಯದಿಂದ ಗುಣವಾಚಕಗಳನ್ನೆಲ್ಲ ತೆಗೆದುಹಾಕಿ ನೋಡಿ. ಅದರ ಕೆಲಸ ಕೆಟ್ಟರೆ ಅದು ಶಿಫಾರಸು, ಕೆಡದಿದ್ದರೆ ಹೇಳಿಕೆ. ಕೊನೆಗೆ ನಾವಿಬ್ಬರೂ ಕುಳಿತು, ಪತ್ರದ ಕಡೆಯಲ್ಲಿ, ಸಹಿಗೆ ಮೊದಲು, ಬೇರೆ ಪ್ಯಾರಾ ಮಾಡಿ ಬರೆದದ್ದು ಇಷ್ಟು: "ನನ್ನ ತಾಯಿಯ ತಮ್ಮ ತಮ್ಮ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ನೌಕರರಾಗಿದ್ದಾರೆಂಬುದನ್ನು ತಿಳಿಸಬಯಸುತ್ತೇನೆ. ಈ ಅರ್ಜಿಯ ವಿಚಾರದಲ್ಲಿ ಅವರ ಅಭಿಪ್ರಾಯವನ್ನು ಪರಿಗಣಿಸಬಾರದೆಂದು ಕೋರುತ್ತೇನೆ." ಅದರ ಕೆಳಗೆ ಮಾವನ ಹೆಸರು, ಹುದ್ದೆ. ಕಳುಹಿಸುವ ಮೊದಲು ಮಾವನಿಗೂ ಫೋನು ಮಾಡಿ ತಿಳಿಸಿದ. ಅವರೂ ತಮ್ಮ ಮೇಲಧಿಕಾರಿಗೆ ಇದನ್ನೇ ಹೇಳಬೇಕು. ಇಲ್ಲವಾದರೆ ಅಳಿಯನ ಪತ್ರ ಮಾವನನ್ನೇ ಇಕ್ಕಟ್ಟಿಗೆ ಸಿಕ್ಕಿಸಿದಂತಾಗುತ್ತದೆ.

ಇಷ್ಟಾದರೂ ಒಂದು ಅನುಮಾನ ನನ್ನನ್ನು ಬಿಡಲಿಲ್ಲ. ಎಷ್ಟು ಒಣಗಿಸಿ ಬರೆದರೂ ಹೆಸರು ಹೆಸರೇ. ಓದಿದ ಅಧಿಕಾರಿ "ಓ, ನಮ್ಮವರ ಹುಡುಗ" ಎಂದುಕೊಂಡರೆ? ಯಾವ ಕಾರ್ಖಾನೆಯಲ್ಲಿಯೂ ಮಾವನಿಲ್ಲದ, ಬಸ್ಸಿನಲ್ಲಿ ಊರಿಂದ ಬಂದಿಳಿದ ಇನ್ನೊಬ್ಬ ಹುಡುಗನಿಗೆ ಈ ಪ್ರಾಮಾಣಿಕತೆಯೇ ಅನ್ಯಾಯವಾಗಲಾರದೆ? ಆಗಬಹುದು. ಆದರೆ ಬರೆದ ಹೆಸರನ್ನು ಎಲ್ಲರೂ ನೋಡಬಹುದು, ಪ್ರಶ್ನಿಸಬಹುದು. ಕಿವಿಯಲ್ಲಿ ಹೇಳಿದ ಹೆಸರನ್ನು ಯಾರು ಪ್ರಶ್ನಿಸಿಯಾರು? ಸುಮ್ಮನಿರಬೇಕೆನ್ನುವವರು ಇದನ್ನು ಮರೆಯುತ್ತಾರೆ. ಪತ್ರದಲ್ಲಿ ಹೆಸರಿಲ್ಲದಿದ್ದರೂ ಕ್ಯಾಂಟೀನಿನಲ್ಲಿ ಹೆಸರು ಓಡಾಡಿಯೇ ಓಡಾಡುತ್ತದೆ.

ಹುಡುಗನಿಗೆ ಸಂದರ್ಶನಕ್ಕೆ ಕರೆ ಬಂತು. ಮಾವನ ಬಗ್ಗೆ ಒಂದೇ ಪ್ರಶ್ನೆ ಕೇಳಿದರಂತೆ, ಇವನು ಉತ್ತರಿಸಿದನಂತೆ. ಕೆಲಸ ಬೇರೊಬ್ಬರಿಗೆ ಸಿಕ್ಕಿತು. ಆ ಎರಡು ವಾಕ್ಯವೇ ಕಾರಣವೋ, ಬಂದವನು ಇವನಿಗಿಂತ ಬಲ್ಲವನೋ, ತಿಳಿಯುವ ದಾರಿಯಿಲ್ಲ. ಅವನ ತಾಯಿ ಎದುರಿಗೆ ಸಿಕ್ಕರೆ ಈಗ ಮೊದಲಿನಂತೆ ನಿಂತು ಮಾತನಾಡುವುದಿಲ್ಲ. ಆಕೆಯನ್ನು ನಾನು ದೂರಲಾರೆ. ನಷ್ಟವಾದದ್ದು ಆಕೆಯ ಮನೆಗೆ, ನನ್ನ ಮನೆಗಲ್ಲ. ಉಪದೇಶ ಮಾಡಿದವನಿಗೆ ಖರ್ಚಿಲ್ಲವೆಂಬುದನ್ನು ಒಪ್ಪಿಕೊಳ್ಳಲೇಬೇಕು.

ಮೊನ್ನೆ ಹುಡುಗ ಮತ್ತೆ ಬಂದಿದ್ದ. ಇನ್ನೊಂದು ಕಂಪನಿಗೆ ಅರ್ಜಿ. ಮೊಬೈಲಿನಲ್ಲಿ ಬರೆದದ್ದನ್ನು ತೋರಿಸಿದ. ಅಲ್ಲಿ ಅವನ ದೊಡ್ಡಪ್ಪನ ಮಗನೊಬ್ಬನಿದ್ದಾನಂತೆ. ನಾನು ಏನೂ ಹೇಳಲಿಲ್ಲ, ಕೆಳಗಿನವರೆಗೂ ಓದಿದೆ. ಸಹಿಗೆ ಮೊದಲು, ಬೇರೆ ಪ್ಯಾರಾದಲ್ಲಿ, ಗುಣವಾಚಕವಿಲ್ಲದ ಎರಡು ವಾಕ್ಯಗಳಿದ್ದವು.